ಆರನ್ನು ಎರಡು ಬಗೆಯಲ್ಲಿ ಒಡೆಯುವ ಸಂಖ್ಯಾಲೋಕ

ಎರಡು ಮೂರಲ ಆರು. ಮಗ್ಗಿ ಕಲಿಯುವ ಮಗುವಿಗೂ ಗೊತ್ತಿರುವ ಲೆಕ್ಕ ಇದು. ಆರನ್ನು ಅವಿಭಾಜ್ಯ ಸಂಖ್ಯೆಗಳಾಗಿ ಒಡೆಯಿರಿ ಎಂದರೆ 2 × 3 ಬಿಟ್ಟು ಬೇರೆ ಉತ್ತರ ಇಲ್ಲ. ಸಂಖ್ಯೆ ದೊಡ್ಡದಾದರೂ ಅಷ್ಟೇ. 360ನ್ನು ಒಬ್ಬರು 36 × 10 ಎಂದು ಒಡೆಯಲು ಶುರುಮಾಡಬಹುದು, ಇನ್ನೊಬ್ಬರು 8 × 45 ಎಂದು ಶುರುಮಾಡಬಹುದು. ಇನ್ನು ಒಡೆಯಲು ಬಾರದು ಎನ್ನುವವರೆಗೆ ಒಡೆಯುತ್ತ ಹೋದರೆ ಇಬ್ಬರ ಕೈಯಲ್ಲೂ ಉಳಿಯುವುದು ಮೂರು 2, ಎರಡು 3, ಒಂದು 5. ಬರೆದ ಕ್ರಮ ಬೇರೆ ಇರಬಹುದು, ಚೂರುಗಳು ಅವೇ. ಹತ್ತನೇ ತರಗತಿಯ ಪುಸ್ತಕದಲ್ಲಿ ಇದಕ್ಕೆ ಅಂಕಗಣಿತದ ಮೂಲಭೂತ ಪ್ರಮೇಯ ಎಂಬ ಹೆಸರಿದೆ.

ಹೆಸರು ಕೇಳಿದರೆ ಇದು ಎಲ್ಲ ಸಂಖ್ಯೆಗಳ ಹುಟ್ಟುಗುಣ ಅನ್ನಿಸುತ್ತದೆ. ಆದರೆ ಪೂರ್ಣಾಂಕಗಳ ಜೊತೆಗೆ ಒಂದೇ ಒಂದು ಹೊಸ ಸಂಖ್ಯೆಯನ್ನು, −5ರ ವರ್ಗಮೂಲವನ್ನು, ಸೇರಿಸಿಕೊಂಡರೆ ಸಾಕು, ಈ ನಿಯಮ ಮುರಿದುಬೀಳುತ್ತದೆ. ಅದು ಮುರಿಯುವುದನ್ನು ನೋಡಲು ದೊಡ್ಡ ಸಂಖ್ಯೆಗಳನ್ನು ಹುಡುಕಿಕೊಂಡು ಹೋಗಬೇಕಾಗಿಲ್ಲ. ಆರೇ ಸಾಕು:

6 = 2 × 3
6 = (1 + √−5) × (1 − √−5)

ಎರಡನೆಯ ಸಾಲನ್ನು ಗುಣಿಸಿ ನೋಡಬಹುದು. 1ನ್ನು 1ರಿಂದ ಗುಣಿಸಿದರೆ 1. ನಡುವಿನ ಎರಡು ಪದಗಳಲ್ಲಿ ಒಂದು −√−5, ಇನ್ನೊಂದು +√−5. ಅವು ಒಂದನ್ನೊಂದು ಹೊಡೆದುಹಾಕುತ್ತವೆ. ಕೊನೆಯದು √−5ರ ವರ್ಗ, ಅಂದರೆ −5, ಅದರ ಹಿಂದೆ ಮತ್ತೊಂದು ಋಣ ಚಿಹ್ನೆ. ಹೀಗೆ 1 + 5 = 6. ಲೆಕ್ಕದಲ್ಲಿ ತಪ್ಪಿಲ್ಲ.

ಈ ಲೋಕದಲ್ಲಿ ಯಾರು ಯಾರಿದ್ದಾರೆ

ಇಲ್ಲಿರುವುದು a + b√−5 ಎಂಬ ರೂಪದ ಸಂಖ್ಯೆಗಳು. a ಮತ್ತು b ಎರಡೂ ಪೂರ್ಣಾಂಕಗಳು; ಧನವೋ ಋಣವೋ ಸೊನ್ನೆಯೋ ಆಗಬಹುದು. b ಸೊನ್ನೆಯಾದರೆ ನಮ್ಮ ಮಾಮೂಲಿ ಪೂರ್ಣಾಂಕಗಳೇ ಸಿಗುತ್ತವೆ. ಹಾಗಾಗಿ 2, 3, 6 ಇಲ್ಲಿಗೂ ಸೇರಿದವು. 4 + √−5, −2 + 3√−5 ಮುಂತಾದವು ಹೊಸಬರು. ಇಂಥ ಎರಡು ಸಂಖ್ಯೆಗಳನ್ನು ಕೂಡಿದರೂ ಕಳೆದರೂ ಗುಣಿಸಿದರೂ ಇದೇ ರೂಪದ ಸಂಖ್ಯೆ ಬರುತ್ತದೆ. ಭಾಗಾಕಾರ ಮಾತ್ರ ಎಲ್ಲ ಸಲವೂ ನಡೆಯುವುದಿಲ್ಲ. ಪೂರ್ಣಾಂಕಗಳಲ್ಲೂ ಹಾಗೆಯೇ: 7ನ್ನು 2ರಿಂದ ಭಾಗಿಸಿದರೆ ಪೂರ್ಣಾಂಕ ಬರದು. ಭಾಗಾಕಾರ ಎಲ್ಲ ಸಲ ನಡೆಯದೆ ಇರುವುದರಿಂದಲೇ ಅಪವರ್ತನ ಎಂಬ ಮಾತಿಗೆ ಅರ್ಥ ಬರುತ್ತದೆ.

ಆರರ ಎರಡು ಒಡೆತಗಳನ್ನು ನೋಡಿದ ಕೂಡಲೇ ಎರಡು ಅನುಮಾನ ಏಳಬೇಕು. ಒಂದು, ಈ ಚೂರುಗಳನ್ನು ಇನ್ನೂ ಒಡೆಯಬಹುದೇನೋ. 36 = 4 × 9 ಮತ್ತು 36 = 6 × 6 ಎರಡೂ ಸರಿ; ಅವು ಬೇರೆ ಬೇರೆ ಕಾಣುವುದು ಕೊನೆಯವರೆಗೆ ಒಡೆಯದೆ ನಡುವೆ ನಿಲ್ಲಿಸಿದ್ದರಿಂದ. ಎರಡು, ಬೇರೆ ಕಾಣುವ ಚೂರುಗಳು ನಿಜಕ್ಕೂ ಒಂದೇ ಇರಬಹುದೇನೋ. 6 = 2 × 3 ಎಂದೂ 6 = (−2) × (−3) ಎಂದೂ ಬರೆಯಬಹುದು, ಆದರೆ ಅದನ್ನು ಹೊಸ ಒಡೆತ ಎಂದು ಯಾರೂ ಎಣಿಸುವುದಿಲ್ಲ; ಚಿಹ್ನೆ ಮಾತ್ರ ಬದಲಾಗಿದೆ.

ಎರಡನೆಯ ಅನುಮಾನ ಎಷ್ಟು ಮೋಸ ಮಾಡಬಲ್ಲದು ಎಂಬುದಕ್ಕೆ −1ರ ವರ್ಗಮೂಲವಾದ i ಸೇರಿಸಿಕೊಂಡ ಲೋಕವೇ ಸಾಕ್ಷಿ. ಅಲ್ಲಿ 5 = (2 + i)(2 − i), ಹಾಗೆಯೇ 5 = (1 + 2i)(1 − 2i). ಇವು ಎರಡು ಬೇರೆ ಒಡೆತಗಳಂತೆ ಕಾಣುತ್ತವೆ. ಆದರೆ 2 − i ಎಂಬುದನ್ನು iಯಿಂದ ಗುಣಿಸಿದರೆ 1 + 2i ಬರುತ್ತದೆ. ಆ ಲೋಕದಲ್ಲಿ i ಎಂಬುದು −1ರ ಹಾಗೆ ಬರೀ ಚಿಹ್ನೆಯ ಕೆಲಸ ಮಾಡುವ ಸಂಖ್ಯೆ. ಹಾಗಾಗಿ ಅಲ್ಲಿ ನಿಯಮ ಮುರಿದಿಲ್ಲ, ಮುರಿದಂತೆ ಕಂಡಿದೆ ಅಷ್ಟೇ.

ನಾರ್ಮ್ ಎಂಬ ಅಳತೆ

ಎರಡೂ ಅನುಮಾನಗಳನ್ನು ಒಂದೇ ಉಪಕರಣದಿಂದ ಪರೀಕ್ಷಿಸಬಹುದು. a + b√−5 ಎಂಬ ಪ್ರತಿ ಸಂಖ್ಯೆಗೂ a² + 5b² ಎಂಬ ಒಂದು ಪೂರ್ಣಾಂಕವನ್ನು ಕಟ್ಟಿಡಲಾಗುತ್ತದೆ. ಇದಕ್ಕೆ ನಾರ್ಮ್ ಎನ್ನುತ್ತಾರೆ. 2ರ ನಾರ್ಮ್ 4, 3ರ ನಾರ್ಮ್ 9, 1 + √−5ರ ನಾರ್ಮ್ 1 + 5 = 6, 1 − √−5ರದ್ದೂ 6.

ಈ ಅಳತೆಯ ಶಕ್ತಿ ಇರುವುದು ಒಂದು ಗುಣದಲ್ಲಿ: ಎರಡು ಸಂಖ್ಯೆಗಳನ್ನು ಗುಣಿಸಿದರೆ ಅವುಗಳ ನಾರ್ಮ್‌ಗಳೂ ಗುಣಿಸಿಕೊಳ್ಳುತ್ತವೆ. ಅದನ್ನು ಹೇಳುವ ಸಮೀಕರಣ ಇದು:

(a² + 5b²)(c² + 5d²) = (ac − 5bd)² + 5(ad + bc)²

ಭಾರತದ ಗಣಿತ ಚರಿತ್ರೆ ಬಲ್ಲವರಿಗೆ ಇದರ ಗುರುತು ಸಿಕ್ಕಿರುತ್ತದೆ. ಬ್ರಹ್ಮಗುಪ್ತ 628ರಲ್ಲಿ ಬರೆದ ಬ್ರಾಹ್ಮಸ್ಫುಟಸಿದ್ಧಾಂತದಲ್ಲಿ ವರ್ಗಪ್ರಕೃತಿ ಸಮೀಕರಣಗಳಿಗೆ ಒಂದು ಪರಿಹಾರದಿಂದ ಇನ್ನೊಂದನ್ನು ಪಡೆಯಲು ಕೊಟ್ಟ ಸೂತ್ರದ ರೂಪ ಇದೇ. ಮುಂದಿನವರು ಅದನ್ನು ಭಾವನಾ ಎಂದು ಕರೆದರು. ಬ್ರಹ್ಮಗುಪ್ತನ ಮುಂದೆ ಇದ್ದದ್ದು ಬೇರೆ ಪ್ರಶ್ನೆ, ಆದರೆ ಸೂತ್ರದಲ್ಲಿ ಅವನ ಸಂಖ್ಯೆಯ ಜಾಗದಲ್ಲಿ −5 ಇಟ್ಟರೆ ಮೇಲಿನ ಸಾಲೇ ಬರುತ್ತದೆ.

ಈಗ ಮೊದಲ ಅನುಮಾನ. 2ನ್ನು ಈ ಲೋಕದಲ್ಲಿ ಒಡೆಯಲು ಬರುತ್ತದೆ ಎಂದಿಟ್ಟುಕೊಳ್ಳೋಣ. ಅದರ ನಾರ್ಮ್ 4. ಎರಡು ಚೂರುಗಳ ನಾರ್ಮ್‌ಗಳನ್ನು ಗುಣಿಸಿದರೆ 4 ಬರಬೇಕು. ಒಂದು ಚೂರಿನ ನಾರ್ಮ್ 1 ಆದರೆ ಆ ಚೂರು 1 ಅಥವಾ −1, ಅದು ಒಡೆದಂತಲ್ಲ. ಆದ್ದರಿಂದ ಎರಡೂ ಚೂರುಗಳ ನಾರ್ಮ್ 2 ಆಗಿರಬೇಕು. ಹಾಗಾದರೆ a² + 5b² = 2 ಆಗುವ ಪೂರ್ಣಾಂಕಗಳಿವೆಯೇ? b ಸೊನ್ನೆಯಾದರೆ a² = 2 ಆಗಬೇಕು, ಅಂಥ ಪೂರ್ಣಾಂಕ ಇಲ್ಲ. b ಸೊನ್ನೆಯಲ್ಲದಿದ್ದರೆ 5b² ಒಂದೇ ಕನಿಷ್ಠ 5 ಆಗಿಬಿಡುತ್ತದೆ. ನಾರ್ಮ್ 2 ಇರುವ ಸಂಖ್ಯೆಯೇ ಇಲ್ಲ. ಇದೇ ಕಾರಣಕ್ಕೆ ನಾರ್ಮ್ 3 ಇರುವ ಸಂಖ್ಯೆಯೂ ಇಲ್ಲ.

ಇಷ್ಟು ತಿಳಿದರೆ ನಾಲ್ಕೂ ಚೂರುಗಳ ಪರೀಕ್ಷೆ ಮುಗಿಯಿತು. 2 ಒಡೆಯಬೇಕಾದರೆ ನಾರ್ಮ್ 2 ಬೇಕು, 3 ಒಡೆಯಬೇಕಾದರೆ ನಾರ್ಮ್ 3 ಬೇಕು. 1 + √−5 ಮತ್ತು 1 − √−5ರ ನಾರ್ಮ್ 6; ಅವು ಒಡೆಯಬೇಕಾದರೆ ಒಂದು ಚೂರಿಗೆ 2, ಇನ್ನೊಂದಕ್ಕೆ 3 ಬೇಕು. ಯಾವುದೂ ಇಲ್ಲ. ನಾಲ್ಕೂ ಈ ಲೋಕದಲ್ಲಿ ಒಡೆಯದ ಸಂಖ್ಯೆಗಳು.

ಎರಡನೆಯ ಅನುಮಾನ ಇನ್ನೂ ಬೇಗ ತೀರುತ್ತದೆ. ಬರೀ ಚಿಹ್ನೆಯ ಕೆಲಸ ಮಾಡುವ ಸಂಖ್ಯೆಯ ನಾರ್ಮ್ 1 ಇರಬೇಕು. a² + 5b² = 1 ಆಗುವುದು 1 ಮತ್ತು −1ಕ್ಕೆ ಮಾತ್ರ. 2ನ್ನು ±1ರಿಂದ ಗುಣಿಸಿ 1 + √−5 ಪಡೆಯಲು ಸಾಧ್ಯವಿಲ್ಲ. ನಾರ್ಮ್‌ಗಳೇ ಬೇರೆ, ಒಂದರದ್ದು 4, ಇನ್ನೊಂದರದ್ದು 6. ಆದ್ದರಿಂದ ಎರಡು ಒಡೆತಗಳು ನಿಜಕ್ಕೂ ಬೇರೆ ಬೇರೆ.

ಅರ್ಧಗಳನ್ನು ಸೇರಿಸಿಕೊಂಡರೆ ಸರಿಹೋದೀತೇ

ಇಲ್ಲಿಗೆ ಬಂದ ಓದುಗರಿಗೆ ಇನ್ನೊಂದು ಪ್ರಶ್ನೆ ಬರಬಹುದು. ಒಡೆಯಲು ಬೇಕಾದ ಸಂಖ್ಯೆಗಳು ಲೋಕದಲ್ಲಿ ಇಲ್ಲದ್ದರಿಂದ ತಾನೇ ಈ ತೊಂದರೆ? ಹೊರಗಿನಿಂದ ಇನ್ನಷ್ಟು ಸಂಖ್ಯೆಗಳನ್ನು ತಂದು ಸೇರಿಸಿದರಾಯಿತು. ಈ ಉಪಾಯ ಒಂದು ಕಡೆ ಫಲಿಸಿಯೂ ಇದೆ. −3ರ ವರ್ಗಮೂಲ ಸೇರಿಸಿದ ಲೋಕದಲ್ಲಿ 4 = 2 × 2, ಹಾಗೆಯೇ 4 = (1 + √−3)(1 − √−3). ಅಲ್ಲಿ 1 + √−3ರ ಅರ್ಧವನ್ನೂ ಒಳಗೆ ಬಿಟ್ಟುಕೊಂಡರೆ ಅದು ಚಿಹ್ನೆಯಂಥ ಸಂಖ್ಯೆಯಾಗಿಬಿಡುತ್ತದೆ, ಎರಡು ಒಡೆತಗಳು ಒಂದೇ ಎಂದು ಗೊತ್ತಾಗುತ್ತದೆ, ನಿಯಮ ಮರಳಿ ಸರಿಹೋಗುತ್ತದೆ.

−5ರ ವಿಷಯದಲ್ಲಿ ಇದೇ ಪ್ರಯೋಗ ಮಾಡಿ ನೋಡೋಣ. 1 + √−5ರ ಅರ್ಧವನ್ನೂ 1 − √−5ರ ಅರ್ಧವನ್ನೂ ಒಳಗೆ ಸೇರಿಸೋಣ. ಎರಡನ್ನೂ ಗುಣಿಸಿದರೆ 6ನ್ನು 4ರಿಂದ ಭಾಗಿಸಿದಷ್ಟು, ಅಂದರೆ 3/2. ಗುಣಲಬ್ಧ ಲೋಕದೊಳಗೇ ಇರಬೇಕಾದ್ದರಿಂದ 3/2 ಒಳಗೆ ಬಂತು. ಅದರಿಂದ 1 ಕಳೆದರೆ 1/2 ಒಳಗೆ ಬಂತು. 1/2 ಬಂದ ಮೇಲೆ ಯಾವ ಸಂಖ್ಯೆಯನ್ನಾದರೂ 2ರಿಂದ ಭಾಗಿಸಬಹುದು. 2 ಎಂಬುದು ಒಡೆಯದ ಸಂಖ್ಯೆಯಾಗಿ ಉಳಿಯುವುದೇ ಇಲ್ಲ, ಅದೂ ಒಂದು ಚಿಹ್ನೆಯಾಗಿಬಿಡುತ್ತದೆ. ಪೂರ್ಣಾಂಕ ಎಂಬ ಕಲ್ಪನೆಯೇ ಅಲ್ಲಿ ಕುಸಿಯುತ್ತದೆ. −3ರಲ್ಲಿ ಇದ್ದದ್ದು ತುಂಬಬಹುದಾದ ಕೊರತೆ. −5ರಲ್ಲಿ ಇರುವ ತೊಂದರೆ ಬೇರೆ ಜಾತಿಯದು.

ಅದರ ಬೇರು ಎಲ್ಲಿದೆ? ಪೂರ್ಣಾಂಕಗಳಲ್ಲಿ ಒಡೆತ ಒಂದೇ ಆಗಿರುವುದಕ್ಕೆ ಯೂಕ್ಲಿಡ್‌ನ ಕಾಲದಿಂದಲೂ ಗೊತ್ತಿರುವ ಒಂದು ಸಂಗತಿ ಆಧಾರ: ಯಾವ ಸಂಖ್ಯೆಯನ್ನು ಯಾವುದರಿಂದ ಭಾಗಿಸಿದರೂ, ಉಳಿಯುವ ಶೇಷ ಭಾಜಕಕ್ಕಿಂತ ಚಿಕ್ಕದಾಗಿರುವಂತೆ ನೋಡಿಕೊಳ್ಳಬಹುದು. ಶೇಷ ಚಿಕ್ಕದಾಗುತ್ತ ಹೋಗುವುದರಿಂದ ಮಹತ್ತಮ ಸಾಮಾನ್ಯ ಅಪವರ್ತನ ಸಿಗುತ್ತದೆ. ಅದರಿಂದ ಒಂದು ಅವಿಭಾಜ್ಯ ಸಂಖ್ಯೆ ಎರಡು ಸಂಖ್ಯೆಗಳ ಗುಣಲಬ್ಧವನ್ನು ಭಾಗಿಸಿದರೆ ಆ ಎರಡರಲ್ಲಿ ಒಂದನ್ನಾದರೂ ಭಾಗಿಸಲೇಬೇಕು ಎಂಬುದು ಸಿದ್ಧವಾಗುತ್ತದೆ. ಈ ಕೊನೆಯ ಗುಣವೇ ಒಡೆತವನ್ನು ಒಂದೇ ಬಗೆಗೆ ಕಟ್ಟಿಹಾಕುವುದು.

ನಮ್ಮ ಲೋಕದಲ್ಲಿ 1 + √−5ನ್ನು 2ರಿಂದ ಭಾಗಿಸಿ ನೋಡಬಹುದು. ಭಾಗಲಬ್ಧ ಏನೇ ಇಟ್ಟುಕೊಂಡರೂ ಅದರ ಎರಡರಷ್ಟನ್ನು ಕಳೆಯಬೇಕು. ಎರಡರಷ್ಟು ಎಂದಮೇಲೆ ಕಳೆಯುವುದು ಸಮಸಂಖ್ಯೆಗಳನ್ನೇ. ಆದ್ದರಿಂದ ಶೇಷದಲ್ಲಿ a ಬೆಸವಾಗಿ ಉಳಿಯುತ್ತದೆ, b ಕೂಡ ಬೆಸವಾಗಿ ಉಳಿಯುತ್ತದೆ. ಎರಡೂ ಬೆಸವಾದರೆ ನಾರ್ಮ್ ಕನಿಷ್ಠ 1 + 5 = 6. ಭಾಜಕ 2ರ ನಾರ್ಮ್ 4. ಏನು ಮಾಡಿದರೂ ಶೇಷ ಭಾಜಕಕ್ಕಿಂತ ದೊಡ್ಡದೇ. ಯೂಕ್ಲಿಡ್‌ನ ದಾರಿ ಮೊದಲ ಹೆಜ್ಜೆಯಲ್ಲೇ ಮುಚ್ಚಿಹೋಯಿತು.

ಪರಿಣಾಮ ಆರರಲ್ಲೇ ಕಾಣುತ್ತದೆ. 2 ಎಂಬುದು 6ನ್ನು, ಅಂದರೆ (1 + √−5)(1 − √−5) ಎಂಬ ಗುಣಲಬ್ಧವನ್ನು, ಭಾಗಿಸುತ್ತದೆ. ಆದರೆ ಆ ಎರಡು ಚೂರುಗಳಲ್ಲಿ ಒಂದನ್ನೂ ಭಾಗಿಸುವುದಿಲ್ಲ. ಒಡೆಯಲು ಬಾರದ್ದು ಎಂಬ ಗುಣ 2ಕ್ಕೆ ಇದೆ, ಅವಿಭಾಜ್ಯ ಸಂಖ್ಯೆಗೆ ಇರಬೇಕಾದ ಈ ಇನ್ನೊಂದು ಗುಣ ಇಲ್ಲ. ಮಾಮೂಲಿ ಪೂರ್ಣಾಂಕಗಳಲ್ಲಿ ಎರಡೂ ಗುಣಗಳು ಜೊತೆಯಾಗಿಯೇ ಇರುವುದರಿಂದ ಅವು ಎರಡು ಎಂದು ಶಾಲೆಯಲ್ಲಿ ಯಾರಿಗೂ ಅನ್ನಿಸುವುದಿಲ್ಲ.

ಕಾಣೆಯಾದ ಚೂರುಗಳು

ಇದು ಗಣಿತಜ್ಞರ ನಡುವೆ ದೊಡ್ಡ ವಿಷಯವಾದದ್ದು 1847ರಲ್ಲಿ. ಆ ವರ್ಷದ ಮಾರ್ಚ್ 1ರಂದು ಪ್ಯಾರಿಸ್‌ನ ವಿಜ್ಞಾನ ಅಕಾಡೆಮಿಯಲ್ಲಿ ಗಾಬ್ರಿಯೆಲ್ ಲಾಮೆ, ಫರ್ಮಾನ ಕೊನೆಯ ಪ್ರಮೇಯಕ್ಕೆ ಸಾಧನೆ ಸಿಕ್ಕಿದೆ ಎಂದು ಘೋಷಿಸಿದರು. ಸಂಕೀರ್ಣ ಸಂಖ್ಯೆಗಳನ್ನು ಬಳಸಿ ಫರ್ಮಾನ ಸಮೀಕರಣವನ್ನು ಪೂರ್ತಿ ಅಪವರ್ತಿಸುವುದು ಅವರ ದಾರಿ. ಅಲ್ಲೇ ಇದ್ದ ಜೋಸೆಫ್ ಲಿಯೂವಿಲ್ ಎದ್ದು, ಈ ಹೊಸ ಸಂಖ್ಯೆಗಳಲ್ಲಿ ಒಡೆತ ಒಂದೇ ಬಗೆ ಎಂಬುದನ್ನು ಮೊದಲು ಸಾಧಿಸಬೇಕಲ್ಲವೇ ಎಂಬ ಆಕ್ಷೇಪ ಎತ್ತಿದರು. ಮೇ ತಿಂಗಳಲ್ಲಿ ಬ್ರೆಸ್ಲೌ ನಗರದಿಂದ ಎರ್ನ್ಸ್ಟ್ ಕುಮ್ಮರ್ ಬರೆದ ಪತ್ರವನ್ನು ಲಿಯೂವಿಲ್ ಅಕಾಡೆಮಿಯ ಮುಂದಿಟ್ಟರು. ಆ ಗುಣ ಎಲ್ಲ ಸಲ ಇರುವುದಿಲ್ಲ, ಇದನ್ನು ತಾನು 1844ರಲ್ಲೇ ಪ್ರಕಟಿಸಿದ್ದೇನೆ ಎಂಬುದು ಪತ್ರದ ಸಾರ. ಲಾಮೆಯ ಸಾಧನೆ ಅಲ್ಲಿಗೆ ಬಿದ್ದುಹೋಯಿತು.

ಕುಮ್ಮರ್ ಕೆಡಿಸಿದ್ದಷ್ಟೇ ಅಲ್ಲ, ರಿಪೇರಿಯ ದಾರಿಯನ್ನೂ ಹುಡುಕಿದರು. ಅವರ ಯೋಚನೆ ಹಿಡಿಯಲು ಚಿಕ್ಕದೊಂದು ಲೋಕ ನೋಡಿದರೆ ಸುಲಭ. 4ರಿಂದ ಭಾಗಿಸಿದಾಗ 1 ಉಳಿಯುವ ಸಂಖ್ಯೆಗಳನ್ನು ಮಾತ್ರ ಇಟ್ಟುಕೊಳ್ಳೋಣ: 1, 5, 9, 13, 17, 21, 25 ಹೀಗೆ. ಇವುಗಳನ್ನು ಒಂದಕ್ಕೊಂದು ಗುಣಿಸಿದರೆ ಇದೇ ಗುಂಪಿನ ಸಂಖ್ಯೆ ಬರುತ್ತದೆ. ಈ ಗುಂಪಿನಲ್ಲಿ 3 ಇಲ್ಲ, 7 ಇಲ್ಲ. ಆದ್ದರಿಂದ 9 ಇಲ್ಲಿ ಒಡೆಯುವುದಿಲ್ಲ, 21 ಒಡೆಯುವುದಿಲ್ಲ, 49 ಒಡೆಯುವುದಿಲ್ಲ. ಆದರೆ 441 = 9 × 49, 441 = 21 × 21. ಒಂದೇ ಸಂಖ್ಯೆಗೆ ಎರಡು ಒಡೆತ.

ಹೊರಗೆ ನಿಂತು ನೋಡುವ ನಮಗೆ ಇದರ ಗುಟ್ಟು ಗೊತ್ತು. 441ರ ನಿಜವಾದ ಚೂರುಗಳು 3, 3, 7, 7. ಅವುಗಳನ್ನು (3 × 3)(7 × 7) ಎಂದು ಜೋಡಿಸಿದರೆ ಮೊದಲ ಒಡೆತ, (3 × 7)(3 × 7) ಎಂದು ಜೋಡಿಸಿದರೆ ಎರಡನೆಯದು. ಗುಂಪಿನಲ್ಲಿ ಬಿಡಿ ಚೂರುಗಳಿಗೆ ಜಾಗ ಇಲ್ಲ, ಜೋಡಿಗಳಿಗೆ ಮಾತ್ರ ಜಾಗ. ಒಳಗೇ ಇರುವವರಿಗೆ ಒಡೆತ ಎರಡು ಬಗೆಯಾಗಿ ಕಂಡದ್ದು ಅದಕ್ಕೆ.

√−5ರ ಲೋಕದಲ್ಲೂ ಹೀಗೆಯೇ ಬಿಡಿ ಚೂರುಗಳು ಕಾಣೆಯಾಗಿವೆ ಎಂದು ತಿಳಿಯಬೇಕು. ಕುಮ್ಮರ್ ತಾವು ಕೈಗೆತ್ತಿಕೊಂಡಿದ್ದ ಸಂಖ್ಯೆಗಳಲ್ಲಿ ಇಂಥ ಕಾಣದ ಚೂರುಗಳನ್ನು ಆದರ್ಶ ಸಂಖ್ಯೆಗಳು ಎಂದು ಕರೆದರು. ಸಂಯುಕ್ತಗಳಲ್ಲಿ ಇದೆ ಎಂದು ಗೊತ್ತಿದ್ದೂ ಬಿಡಿಯಾಗಿ ಯಾರೂ ಬೇರ್ಪಡಿಸಿರದ ಫ್ಲೋರಿನ್‌ಗೆ ಅವುಗಳನ್ನು ಹೋಲಿಸಿದರು. ಫ್ಲೋರಿನ್ 1886ರಲ್ಲಿ ಆನ್ರಿ ಮ್ವಾಸಾನ್‌ರ ಕೈಗೆ ಬಿಡಿಯಾಗಿ ಸಿಕ್ಕಿತು. ಕುಮ್ಮರ್‌ರ ಸಂಖ್ಯೆಗಳಿಗೆ ಹಿಡಿಯಬಹುದಾದ ರೂಪ ಕೊಟ್ಟವರು ಬ್ರೌನ್‌ಶ್ವೈಗ್‌ನಲ್ಲಿ ಕಲಿಸುತ್ತಿದ್ದ ರಿಚರ್ಡ್ ಡೆಡೆಕಿಂಡ್. 1871ರಲ್ಲಿ ಅವರು ಐಡಿಯಲ್ ಎಂಬ ಪರಿಕಲ್ಪನೆ ತಂದರು. 1877ರಲ್ಲಿ ಫ್ರೆಂಚ್‌ನಲ್ಲಿ ಬರೆದ ಲೇಖನದಲ್ಲಿ ಅದನ್ನು ವಿವರಿಸಲು ಅವರು ಆರಿಸಿಕೊಂಡ ಉದಾಹರಣೆ √−5ರ ಈ ಲೋಕವೇ.

ಡೆಡೆಕಿಂಡ್‌ರ ಯೋಚನೆ ಹೀಗೆ: ಒಂದು ಚೂರು ಕಣ್ಣಿಗೆ ಬೀಳದಿದ್ದರೂ ಅದರಿಂದ ಭಾಗವಾಗುವ ಸಂಖ್ಯೆಗಳು ಯಾವುವು ಎಂದು ಹೇಳಲು ಬಂದರೆ ಸಾಕು. ಚೂರಿನ ಬದಲು ಆ ಸಂಖ್ಯೆಗಳ ಇಡೀ ಗುಂಪನ್ನೇ ಚೂರು ಎಂದು ಹಿಡಿಯಬಹುದು. ಆರರ ವಿಷಯದಲ್ಲಿ ಮೂರು ಗುಂಪುಗಳು ಬೇಕು, ಮೂರನ್ನೂ ಸರಳವಾಗಿ ಹೇಳಬಹುದು. ನಮ್ಮ ಸಂಖ್ಯೆ a + b√−5 ಎಂದಿರಲಿ.

P ಎಂಬ ಗುಂಪಿನಲ್ಲಿ a − b ಎರಡರಿಂದ ಭಾಗವಾಗುವ ಸಂಖ್ಯೆಗಳು.
Q ಎಂಬ ಗುಂಪಿನಲ್ಲಿ a − b ಮೂರರಿಂದ ಭಾಗವಾಗುವ ಸಂಖ್ಯೆಗಳು.
R ಎಂಬ ಗುಂಪಿನಲ್ಲಿ a + b ಮೂರರಿಂದ ಭಾಗವಾಗುವ ಸಂಖ್ಯೆಗಳು.

ಈಗ P ಮತ್ತು Q ಎರಡರಲ್ಲೂ ಇರುವ ಸಂಖ್ಯೆಗಳು ಯಾವುವು? a − b ಎರಡರಿಂದಲೂ ಮೂರರಿಂದಲೂ ಭಾಗವಾಗಬೇಕು, ಅಂದರೆ ಆರರಿಂದ ಭಾಗವಾಗಬೇಕು. ಇನ್ನೊಂದು ಕಡೆ, 1 + √−5ನ್ನು x + y√−5ರಿಂದ ಗುಣಿಸಿದರೆ (x − 5y) + (x + y)√−5 ಬರುತ್ತದೆ. ಇದರಲ್ಲಿ a − b ಎಂದರೆ −6y, ಆರರಿಂದ ಭಾಗವಾಗುತ್ತದೆ. ತಿರುಗಿಸಿ ನೋಡಿದರೂ ಸರಿ, a − b ಆರರಿಂದ ಭಾಗವಾಗುವ ಪ್ರತಿ ಸಂಖ್ಯೆಯೂ 1 + √−5ರ ಗುಣಕವೇ. ಹೀಗೆ P ಮತ್ತು Q ಕೂಡಿದರೆ 1 + √−5 ಸಿಗುತ್ತದೆ. ಇದೇ ಲೆಕ್ಕದಲ್ಲಿ P ಮತ್ತು R ಕೂಡಿದರೆ 1 − √−5 ಸಿಗುತ್ತದೆ.

P ಗುಂಪಿನ ಎರಡು ಸಂಖ್ಯೆಗಳನ್ನು ಗುಣಿಸಿದರೆ ಇನ್ನೊಂದು ಸಂಗತಿ ಹೊರಬೀಳುತ್ತದೆ. 1 + √−5 ಮತ್ತು 3 + √−5 ಎರಡೂ Pಗೆ ಸೇರಿದವು. ಗುಣಿಸಿದರೆ −2 + 4√−5, ಎರಡರಿಂದ ಭಾಗವಾಗುವ ಸಂಖ್ಯೆ. ಇದು ಆಕಸ್ಮಿಕ ಅಲ್ಲ. P ಗುಂಪಿನ ಯಾವ ಎರಡನ್ನು ಗುಣಿಸಿದರೂ ಹೀಗೆಯೇ ಆಗುತ್ತದೆ. ಜೊತೆಗೆ 2 × 2 = 4 ಇಂಥ ಒಂದು ಗುಣಲಬ್ಧ, (1 + √−5)(1 − √−5) = 6 ಇನ್ನೊಂದು; ಎರಡರ ವ್ಯತ್ಯಾಸ ಸರಿಯಾಗಿ 2. ಆದ್ದರಿಂದ Pಯನ್ನು Pಯಿಂದಲೇ ಗುಣಿಸಿದರೆ ಬರುವುದು 2. ಹಾಗೆಯೇ Qವನ್ನು Rನಿಂದ ಗುಣಿಸಿದರೆ ಬರುವುದು 3.

ಎಲ್ಲ ಕೂಡಿಸಿ ಬರೆದರೆ:

2 = P × P
3 = Q × R
1 + √−5 = P × Q
1 − √−5 = P × R

ಆರರ ನಿಜವಾದ ಚೂರುಗಳು ನಾಲ್ಕು: P, P, Q, R. (P × P)(Q × R) ಎಂದು ಜೋಡಿಸಿದರೆ 2 × 3. (P × Q)(P × R) ಎಂದು ಜೋಡಿಸಿದರೆ ಇನ್ನೊಂದು ಒಡೆತ. ಗುಂಪುಗಳ ಮಟ್ಟದಲ್ಲಿ ಒಡೆತ ಒಂದೇ ಬಗೆ ಎಂದು ಡೆಡೆಕಿಂಡ್ ಸಾಧಿಸಿದರು. ಸಂಖ್ಯೆಗಳ ಮಟ್ಟದಲ್ಲಿ ಎರಡಾಗಿ ಕಂಡದ್ದು ಜೋಡಿಸಿದ ರೀತಿ ಮಾತ್ರ.

ಹಾಗಾದರೆ P ಎಂಬುದು ಒಂದು ಸಂಖ್ಯೆಯ ಗುಣಕಗಳ ಗುಂಪಲ್ಲವೇ? ಅಲ್ಲ. ನಾರ್ಮ್ n ಇರುವ ಸಂಖ್ಯೆಯ ಗುಣಕಗಳು ಈ ಲೋಕದ n ಸಂಖ್ಯೆಗಳಿಗೆ ಒಂದರ ಪ್ರಮಾಣದಲ್ಲಿ ಸಿಗುತ್ತವೆ. P ಗುಂಪು ಸರಿಯಾಗಿ ಅರ್ಧ ಲೋಕ. ಅದು ಒಂದು ಸಂಖ್ಯೆಯ ಗುಣಕಗಳಾಗಬೇಕಿದ್ದರೆ ಆ ಸಂಖ್ಯೆಯ ನಾರ್ಮ್ 2 ಆಗಬೇಕಿತ್ತು. ಅಂಥದ್ದು ಇಲ್ಲ ಎಂದು ಮೊದಲೇ ನೋಡಿದ್ದೇವೆ. Q ಮತ್ತು R ಲೋಕದ ಮೂರನೇ ಒಂದು ಭಾಗ. ಅವುಗಳಿಗೆ ನಾರ್ಮ್ 3 ಬೇಕಿತ್ತು, ಅದೂ ಇಲ್ಲ.

ಇಪ್ಪತ್ತೊಂದರಲ್ಲಿ ಪರೀಕ್ಷೆ

ಈ ವಿವರಣೆ ಸರಿಯೋ ಎಂದು ಇನ್ನೊಂದು ಸಂಖ್ಯೆಯಲ್ಲಿ ಪರೀಕ್ಷಿಸಬಹುದು. 7 ಎಂಬುದೂ 3ರ ಹಾಗೆಯೇ ಎರಡು ಬೇರೆ ಬೇರೆ ಗುಂಪುಗಳಾಗಿ ಒಡೆಯುತ್ತದೆ. ಅವನ್ನು S ಮತ್ತು T ಎನ್ನೋಣ. ಅವೂ ಯಾವ ಸಂಖ್ಯೆಯ ಗುಣಕಗಳೂ ಅಲ್ಲ. ಹಾಗಾದರೆ 21ರ ಚೂರುಗಳು Q, R, S, T. ಆರರಲ್ಲಿ P ಎರಡು ಸಲ ಬಂದದ್ದರಿಂದ ಜೋಡಿಸುವ ರೀತಿ ಎರಡೇ ಇತ್ತು. ಇಲ್ಲಿ ನಾಲ್ಕೂ ಬೇರೆ ಬೇರೆ, ಆದ್ದರಿಂದ ಮೂರು ರೀತಿ ಇರಬೇಕು: Q ಜೊತೆ R, Q ಜೊತೆ S, ಅಥವಾ Q ಜೊತೆ T. ಲೆಕ್ಕ ಹಾಕಿದರೆ ಸಿಗುವುದು ಇದು:

21 = 3 × 7
21 = (4 + √−5)(4 − √−5)
21 = (1 + 2√−5)(1 − 2√−5)

ಎರಡನೆಯ ಸಾಲಿನಲ್ಲಿ 16 + 5, ಮೂರನೆಯದರಲ್ಲಿ 1 + 20. ಮೂರೇ ಒಡೆತಗಳು, ಹೆಚ್ಚೂ ಇಲ್ಲ ಕಡಿಮೆಯೂ ಇಲ್ಲ.

ಈ ಲೋಕದ ಎಲ್ಲ ಸಂಖ್ಯೆಗಳಿಗೂ ಹೀಗಾಗುವುದಿಲ್ಲ. 29 = (3 + 2√−5)(3 − 2√−5) ಎಂದು ಒಡೆಯುತ್ತದೆ, ಅದರ ಚೂರುಗಳು ನಿಜವಾದ ಸಂಖ್ಯೆಗಳೇ, ಬೇರೆ ಒಡೆತ ಇಲ್ಲ. 11 ಯಾವ ಮಟ್ಟದಲ್ಲೂ ಒಡೆಯುವುದಿಲ್ಲ. ತೊಂದರೆ ಬರುವುದು 2, 3, 7ರಂಥ ಸಂಖ್ಯೆಗಳು ಒಟ್ಟಿಗೆ ಬಂದಾಗ, ಅವುಗಳ ಕಾಣದ ಚೂರುಗಳು ಜೋಡಿ ಬದಲಿಸಿಕೊಳ್ಳಲು ಅವಕಾಶ ಸಿಕ್ಕಾಗ.

ಇನ್ನೊಂದು ಸಂಗತಿ ಗಮನಿಸಬೇಕು. ಇಲ್ಲಿನ ಐಡಿಯಲ್‌ಗಳು ಎರಡೇ ಜಾತಿ: ಒಂದು ಸಂಖ್ಯೆಯಿಂದ ಬಂದವು, ಬರದವು. ಬರದ ಎರಡನ್ನು ಗುಣಿಸಿದರೆ ಯಾವಾಗಲೂ ಬಂದದ್ದೇ ಸಿಗುತ್ತದೆ. ಹೀಗೆ ಎರಡೇ ಜಾತಿ ಇರುವುದನ್ನು ಗಣಿತಜ್ಞರು ಈ ಲೋಕದ ಕ್ಲಾಸ್ ನಂಬರ್ 2 ಎನ್ನುತ್ತಾರೆ. ನಮ್ಮ ಪೂರ್ಣಾಂಕಗಳಲ್ಲಿ ಅದು 1, ಅಂದರೆ ಕಾಣದ ಚೂರುಗಳೇ ಇಲ್ಲ. ಕ್ಲಾಸ್ ನಂಬರ್ 2 ಆದಾಗ ಕಾಣದ ಚೂರುಗಳು ಎರಡೆರಡಾಗಿಯೇ ಕೂಡುವುದರಿಂದ ಒಂದು ಶಿಸ್ತು ಉಳಿದುಕೊಳ್ಳುತ್ತದೆ. ಒಂದು ಸಂಖ್ಯೆಯನ್ನು ಎಷ್ಟು ಬಗೆಯಲ್ಲಿ ಒಡೆದರೂ ಚೂರುಗಳ ಎಣಿಕೆ ಬದಲಾಗುವುದಿಲ್ಲ. ಆರಕ್ಕೆ ಎರಡು ಬಗೆಯಲ್ಲೂ ಎರಡೇ ಚೂರು, ಇಪ್ಪತ್ತೊಂದಕ್ಕೆ ಮೂರು ಬಗೆಯಲ್ಲೂ ಎರಡೇ ಚೂರು. ಇಂಥ ಸಂಖ್ಯಾಲೋಕಗಳಲ್ಲಿ ಕ್ಲಾಸ್ ನಂಬರ್ 1 ಅಥವಾ 2 ಇದ್ದಾಗ ಎಣಿಕೆ ಬದಲಾಗುವುದಿಲ್ಲ, ಅದಕ್ಕಿಂತ ಹೆಚ್ಚಿದ್ದರೆ ಎಲ್ಲಾದರೂ ಬದಲಾಗಿಯೇ ತೀರುತ್ತದೆ ಎಂದು ಲಿಯೊನಾರ್ಡ್ ಕಾರ್ಲಿಟ್ಜ್ 1960ರಲ್ಲಿ ತೋರಿಸಿದರು.

ಹಾಗೆ ಬದಲಾಗುವುದನ್ನು ನೋಡಲು −14ರ ವರ್ಗಮೂಲದ ಲೋಕಕ್ಕೆ ಹೋಗಬಹುದು. ಅಲ್ಲಿ ಕ್ಲಾಸ್ ನಂಬರ್ 4, ನಾರ್ಮ್ a² + 14b². 81ನ್ನು 3 × 3 × 3 × 3 ಎಂದು ಒಡೆಯಬಹುದು. ನಾರ್ಮ್ 3 ಇರುವ ಸಂಖ್ಯೆ ಅಲ್ಲಿಯೂ ಇಲ್ಲದ್ದರಿಂದ 3 ಮುಂದೆ ಒಡೆಯದು. ಅದೇ 81ನ್ನು (5 + 2√−14)(5 − 2√−14) ಎಂದೂ ಒಡೆಯಬಹುದು, 25 + 56 = 81. ಈ ಎರಡರ ನಾರ್ಮ್ ತಲಾ 81. ಅವು ಒಡೆಯಬೇಕಾದರೆ ಒಂದು ಚೂರಿನ ನಾರ್ಮ್ 3 ಆಗಬೇಕು ಅಥವಾ ಎರಡೂ ಚೂರುಗಳ ನಾರ್ಮ್ 9 ಆಗಬೇಕು. ಮೊದಲನೆಯದು ಸಾಧ್ಯವಿಲ್ಲ. ನಾರ್ಮ್ 9 ಇರುವುದು 3 ಮತ್ತು −3ಕ್ಕೆ ಮಾತ್ರ, ಅವುಗಳನ್ನು ಗುಣಿಸಿದರೆ 9 ಅಥವಾ −9 ಬರುತ್ತದೆಯೇ ಹೊರತು 5 + 2√−14 ಬರುವುದಿಲ್ಲ. ಅಲ್ಲಿ ಒಂದೇ ಸಂಖ್ಯೆ ಒಂದು ಬಗೆಯಲ್ಲಿ ನಾಲ್ಕು ಚೂರಾಗುತ್ತದೆ, ಇನ್ನೊಂದು ಬಗೆಯಲ್ಲಿ ಎರಡೇ ಚೂರಾಗುತ್ತದೆ.